ಮೂರು ದಿನಕ್ಕೆ ಮುಗಿದ ಕೆಲಸ: ಎಐ ಬಳಸಿದ್ದನ್ನು ಗಿರಾಕಿಗೆ ಎಷ್ಟು ಹೇಳಬೇಕು?

ಪ್ರಶ್ನೆ: ತುಮಕೂರಿನಲ್ಲಿ ಸಣ್ಣದೊಂದು ಡಿಸೈನ್ ಅಂಗಡಿ ಇಟ್ಟುಕೊಂಡಿದ್ದೇನೆ. ತಿಪಟೂರಿನ ಎಣ್ಣೆ ಮಿಲ್ಲಿನವರೊಬ್ಬರು ತಮ್ಮ ಕೊಬ್ಬರಿ ಎಣ್ಣೆಗೆ ಲೋಗೋ, ಬಾಟಲಿ ಲೇಬಲ್, ಎಂಟು ಪುಟದ ಬ್ರೋಷರ್, ವೆಬ್‌ಸೈಟಿಗೆ ಕನ್ನಡ ಮತ್ತು ಇಂಗ್ಲಿಷ್ ಬರಹ ಕೇಳಿದರು. ಎಲ್ಲ ಸೇರಿ 28,000 ರೂಪಾಯಿ, ಹತ್ತು ದಿನ ಎಂದು ಒಪ್ಪಿಕೊಂಡೆ. ಎಐ ಬಳಸಿದ್ದರಿಂದ ಮೂರೇ ದಿನಕ್ಕೆ ಮುಗಿದಿದೆ. ಲೋಗೋ ತೋರಿಸಿದಾಗ ಯಜಮಾನರು "ನೀವೇ ಬರೆದಿದ್ದಾ?" ಅಂದರು, "ಹೌದು ಸಾರ್" ಅಂದುಬಿಟ್ಟೆ. ಈಗ ಹೇಳಿದರೆ ದುಡ್ಡು ಇಳಿಸಿ ಅಂತಾರೆ. ಹೇಳದಿದ್ದರೆ ಕಾನೂನಿನ ತೊಂದರೆ ಇದೆಯಾ? ಹತ್ತನೇ ದಿನದವರೆಗೆ ಸುಮ್ಮನೆ ಇಟ್ಟುಕೊಂಡು ಕೊಡಲಾ?

ಉತ್ತರ: ಮೊದಲು ಕಾನೂನಿನ ಭಯವನ್ನು ಅದರ ಅಳತೆಗೆ ತರೋಣ. ಯಾವ ಸಾಫ್ಟ್‌ವೇರ್ ಬಳಸಿದಿರಿ ಎಂದು ಡಿಸೈನರ್ ತಾನಾಗಿಯೇ ಗಿರಾಕಿಗೆ ಹೇಳಬೇಕೆಂಬ ಸಾಮಾನ್ಯ ನಿಯಮ ನಮ್ಮಲ್ಲಿ ಇಲ್ಲ. ಕೋರೆಲ್‌ಡ್ರಾದಲ್ಲಿ ಮಾಡಿದಿರಾ, ಕ್ಯಾನ್ವಾದಲ್ಲಿ ಮಾಡಿದಿರಾ ಎಂದು ಇಷ್ಟು ದಿನ ಬಿಲ್ಲಿನಲ್ಲಿ ಯಾರೂ ಬರೆದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನ ವಿವರಣೆಯೂ ಬರೀ ಸುಮ್ಮನಿರುವುದು ಮೋಸವಲ್ಲ ಎಂದೇ ಹೇಳುತ್ತದೆ. ಆದರೆ ಅದೇ ವಾಕ್ಯ ಮುಂದುವರಿದು, ಹೇಳಬೇಕಾದ ಹೊಣೆ ಇದ್ದಾಗ ಅಥವಾ ಮೌನವೇ ಮಾತಿಗೆ ಸಮನಾದಾಗ ಆ ರಕ್ಷಣೆ ಇಲ್ಲ ಎನ್ನುತ್ತದೆ. ನಿಮ್ಮ ಗಟ್ಟಿ ನೆಲ ಅಲುಗಿದ್ದು ಎಐ ಬಳಸಿದ್ದರಿಂದ ಅಲ್ಲ, "ಹೌದು ಸಾರ್" ಅಂದಿದ್ದರಿಂದ. ಕೇಳದಿದ್ದಾಗ ಸುಮ್ಮನಿರುವುದು ಒಂದು, ಕೇಳಿದಾಗ ಇಲ್ಲದ್ದು ಹೇಳುವುದು ಇನ್ನೊಂದು. ದರ, ದಿನ ಎಲ್ಲ ಒಪ್ಪಿಯಾದ ಮೇಲೆ ಬಂದ ಮಾತಾದ್ದರಿಂದ ಒಪ್ಪಂದವೇ ಬಿದ್ದುಹೋಗುತ್ತದೆ ಎಂದು ಹೆದರಬೇಕಿಲ್ಲ. ಆದರೆ ಆ ಮಾತನ್ನು ನಂಬಿ ಅವರು ಲೋಗೋ ಒಪ್ಪಿ, ಬಾಟಲಿ ಅಚ್ಚು ಹಾಕಿಸಿ, ಟ್ರೇಡ್‌ಮಾರ್ಕಿಗೆ ದುಡ್ಡು ಕಟ್ಟಿದರೆ ಅಲ್ಲಿಂದ ಮುಂದೆ ಆಗುವ ನಷ್ಟಕ್ಕೆ ನಿಮ್ಮ ಮಾತೇ ಸಾಕ್ಷಿಯಾಗುತ್ತದೆ. ಅದಕ್ಕೇ ಮೊದಲು ತಿದ್ದಬೇಕಾದ್ದು ಅದೊಂದು ಮಾತು, ಅದೂ ಅವರು ಪ್ರೆಸ್ಸಿಗೆ ಕೊಡುವ ಮುಂಚೆ.

ಹಾಗಂತ ಎಲ್ಲವನ್ನೂ ಹೇಳಬೇಕಿಲ್ಲ. ವಾಕ್ಯದ ವ್ಯಾಕರಣ ತಿದ್ದಿಸಿದ್ದು, ಇಂಗ್ಲಿಷ್ ಪ್ಯಾರಾದ ಮೊದಲ ಕರಡು ಎಬ್ಬಿಸಿದ್ದು, ಫೋಟೋದ ಹಿನ್ನೆಲೆ ಅಳಿಸಿದ್ದು, ಹತ್ತು ಬಣ್ಣದ ಜೋಡಿ ಮಾಡಿಸಿ ಒಂದನ್ನು ಆರಿಸಿದ್ದು ನಿಮ್ಮ ಕಸುಬಿನ ಒಳಗಿನ ಮಾತು. ಗಿರಾಕಿಗೆ ಹೇಳಲೇಬೇಕಾದ್ದು, ಗೊತ್ತಿದ್ದರೆ ಅವರು ಬೇರೆ ತೀರ್ಮಾನ ತೆಗೆದುಕೊಳ್ಳಬಹುದಾಗಿದ್ದ ಸಂಗತಿ. ನಿಮ್ಮ ಕೆಲಸದಲ್ಲಿ ಅಂಥವು ಮೂರಿವೆ: ಲೋಗೋ ಯಾರದಾಗುತ್ತದೆ, ಬ್ರೋಷರಿನಲ್ಲಿ ಕಾಣುವುದು ನಿಜವೇ, ಅವರ ಮಿಲ್ಲಿನ ಯಾವ ವಿವರ ಹೊರಗೆ ಹೋಗಿದೆ.

ಲೋಗೋದಿಂದ ಶುರು ಮಾಡುತ್ತೇನೆ, ಏಕೆಂದರೆ ಅವರು ಕೊಟ್ಟ ದುಡ್ಡಿನಲ್ಲಿ ಹತ್ತಾರು ವರ್ಷ ಉಳಿಯುವ ವಸ್ತು ಅದೊಂದೇ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 2(ಡಿ)(6) ಕಲಮು, ಕಂಪ್ಯೂಟರ್ ಮೂಲಕ ಹುಟ್ಟಿದ ಕೃತಿಗೆ ಅದನ್ನು ಹುಟ್ಟಿಸಲು ಕಾರಣನಾದ ವ್ಯಕ್ತಿಯೇ ಕರ್ತೃ ಎನ್ನುತ್ತದೆ. ಕೇಳಲು ನಿಮ್ಮ ಪರವಾಗಿದೆ. ಆದರೆ ಅದು 1994ರ ತಿದ್ದುಪಡಿಯಲ್ಲಿ ಸೇರಿದ ಮಾತು, ಒಂದು ಸಾಲು ಟೈಪ್ ಮಾಡಿದರೆ ಚಿತ್ರ ಬರುವ ಯಂತ್ರ ಆಗ ಇರಲಿಲ್ಲ. ಅಮೆರಿಕದ ಕೃತಿಸ್ವಾಮ್ಯ ಕಚೇರಿಯಂತೂ ಬರೀ ಸೂಚನೆ ಬರೆದು ಹೊರಬಂದ ಚಿತ್ರಕ್ಕೆ ಕೃತಿಸ್ವಾಮ್ಯ ಕೊಡಲಾಗದು ಎಂದು 2025ರ ಜನವರಿಯ ವರದಿಯಲ್ಲಿ ನೇರವಾಗಿಯೇ ಹೇಳಿದೆ. ಮುಂದೆ ಎಣ್ಣೆಯನ್ನು ಹೊರದೇಶಕ್ಕೆ ಕಳಿಸುವ ಯೋಚನೆ ಆ ಮಿಲ್ಲಿನವರಿಗಿದ್ದರೆ ಈ ವ್ಯತ್ಯಾಸ ಅವರಿಗೆ ಬೇಕಾದ ಸಂಗತಿ.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ, ಎಐ ಬರುವ ಮೊದಲಿನಿಂದ ಇರುವುದು. ದುಡ್ಡು ಕೊಟ್ಟ ಕೂಡಲೇ ಲೋಗೋ ಗಿರಾಕಿಯದಾಯಿತು ಎಂದು ಎರಡೂ ಕಡೆಯವರು ನಂಬಿರುತ್ತಾರೆ. ಅಂಗಡಿ ಇಟ್ಟುಕೊಂಡು ಹೊರಗಿನವರಿಗೆ ಡಿಸೈನ್ ಮಾಡಿಕೊಡುವವರ ವಿಷಯದಲ್ಲಿ ಹಕ್ಕು ಸಾಮಾನ್ಯವಾಗಿ ಮಾಡಿದವರಲ್ಲೇ ಉಳಿಯುತ್ತದೆ. ಅದನ್ನು ಬರವಣಿಗೆಯಲ್ಲಿ, ಸಹಿ ಹಾಕಿ ವರ್ಗಾಯಿಸಬೇಕು. ಬರೆದುಕೊಟ್ಟರೂ ಅವಧಿ ನಮೂದಿಸದಿದ್ದರೆ 19ನೇ ಕಲಮಿನ ಪ್ರಕಾರ ಐದು ವರ್ಷ ಎಂದಷ್ಟೇ ಅರ್ಥ, ಪ್ರದೇಶ ನಮೂದಿಸದಿದ್ದರೆ ಭಾರತದೊಳಗೆ ಮಾತ್ರ. ಆದ್ದರಿಂದ "ಈ ಲೋಗೋದಲ್ಲಿ ನನಗಿರುವ ಎಲ್ಲ ಹಕ್ಕನ್ನೂ ಕೃತಿಸ್ವಾಮ್ಯದ ಪೂರ್ತಿ ಅವಧಿಗೆ, ಎಲ್ಲ ದೇಶಗಳಿಗೆ ನಿಮಗೆ ಬಿಟ್ಟುಕೊಟ್ಟಿದ್ದೇನೆ" ಎಂದು ಒಂದು ಹಾಳೆ ಬರೆದು ಸಹಿ ಹಾಕಿ. "ನನಗಿರುವ" ಎಂಬ ಪದ ಅಲ್ಲಿ ಇರಲೇಬೇಕು. ಯಂತ್ರ ಕೊಟ್ಟ ಚಿತ್ರವನ್ನು ಹಾಗೇ ಹಿಡಿದು "ಇದು ಪೂರ್ತಿ ನನ್ನ ಸ್ವಂತ ರಚನೆ" ಎಂದು ಸಹಿ ಹಾಕಿದರೆ ಬಾಯಲ್ಲಿ ಆಡಿದ "ಹೌದು ಸಾರ್" ಕಾಗದದ ಮೇಲೆ ಕೂತಂತಾಗುತ್ತದೆ.

ಟ್ರೇಡ್‌ಮಾರ್ಕಿನ ಲೆಕ್ಕ ಬೇರೆ. ಅಲ್ಲಿ ಯಾರು ಬರೆದರು ಎನ್ನುವುದಕ್ಕಿಂತ ಇನ್ನೊಬ್ಬರದನ್ನು ಹೋಲುತ್ತದೆಯೇ ಎನ್ನುವುದೇ ಮುಖ್ಯ. "ಕೊಬ್ಬರಿ ಎಣ್ಣೆಗೆ ಲೋಗೋ" ಎಂದು ಕೇಳಿದರೆ ಯಂತ್ರ ಕೊಡುವುದು ಹೆಚ್ಚುಕಡಿಮೆ ಒಂದೇ: ಅರ್ಧ ತೆಂಗಿನಕಾಯಿ, ಅದರಿಂದ ಇಳಿಯುವ ಒಂದು ಹನಿ, ಪಕ್ಕದಲ್ಲಿ ಎರಡು ಹಸಿರು ಗರಿ. ಪೊಳ್ಳಾಚಿಯ ಡಿಸೈನರ್ ಕೇಳಿದರೂ ಅದೇ, ನೀವು ಕೇಳಿದರೂ ಅದೇ. ಅರ್ಜಿ ಒಪ್ಪಿತವಾದ ಮೇಲೆ ಟ್ರೇಡ್‌ಮಾರ್ಕ್ ಜರ್ನಲ್ಲಿನಲ್ಲಿ ಪ್ರಕಟವಾಗಿ, ನಾಲ್ಕು ತಿಂಗಳು ಯಾರು ಬೇಕಾದರೂ ತಕರಾರು ಹಾಕಬಹುದು. ಅಷ್ಟರಲ್ಲಿ ಬಾಟಲಿ, ಡಬ್ಬ, ಅಂಗಡಿ ಬೋರ್ಡು ಎಲ್ಲ ತಯಾರಾಗಿರುತ್ತದೆ.

ಆದ್ದರಿಂದ ಲೋಗೋ ವಿಷಯದಲ್ಲಿ ಹೇಳುವುದರ ಜೊತೆಗೆ ಮಾಡಬೇಕಾದ ಕೆಲಸವೂ ಇದೆ, ನಿಮಗೆ ಉಳಿದ ಏಳು ದಿನ ಅದಕ್ಕೇ ಸಾಕು. ಯಂತ್ರದ ಚಿತ್ರವನ್ನು ಕರಡು ಎಂದು ಬದಿಗಿಟ್ಟು ಪೆನ್ಸಿಲ್ ಹಿಡಿಯಿರಿ. ತಿಪಟೂರಿನ ಕಡೆಯ ಕೊಬ್ಬರಿ ಎಂದರೆ ಉಂಡೆ ಕೊಬ್ಬರಿ. ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟು, ಒಳಗೆ ನೀರು ಇಂಗಿ ಗಿಟುಕು ತಾನಾಗಿ ಚಿಪ್ಪು ಬಿಡುವವರೆಗೆ ಕಾಯುತ್ತಾರೆ. ಆ ಗುಂಡನೆಯ ಆಕಾರವೇ ಒಂದು ಗುರುತು. ಅದನ್ನು ಕೈಯಲ್ಲಿ ಬರೆದು, ಕೋರೆಲ್‌ಡ್ರಾ ಅಥವಾ ಇಂಕ್‌ಸ್ಕೇಪಿನಲ್ಲಿ ಗೆರೆ ಗೆರೆಯಾಗಿ ಎಳೆದು, ಹೆಸರಿನ ಅಕ್ಷರವನ್ನು ನೀವೇ ಕೂರಿಸಿ. ಪೆನ್ಸಿಲ್ ಹಾಳೆಯ ಫೋಟೋ, ಮಧ್ಯದ ಮೂರು ನಾಲ್ಕು ಫೈಲು, ತಾರೀಖಿನ ಸಮೇತ ಒಂದು ಫೋಲ್ಡರಿನಲ್ಲಿಡಿ. ಮುಂದೆ "ಇದರಲ್ಲಿ ನಿಮ್ಮದೇನಿದೆ?" ಎಂದು ಯಾರಾದರೂ ಕೇಳಿದರೆ ತೋರಿಸಲು ಇರುವುದು ಅದೇ. ಆಮೇಲೆ ಚಿತ್ರವನ್ನು ಗೂಗಲ್ ಲೆನ್ಸಿಗೆ ಹಾಕಿ ನೋಡಿ, ಟ್ರೇಡ್‌ಮಾರ್ಕ್ ಕಚೇರಿಯ ತಾಣದ Public Search ನಲ್ಲಿ ಹೆಸರನ್ನು Wordmark ಮತ್ತು Phonetic ಎರಡರಲ್ಲೂ, 29ನೇ ವರ್ಗದಲ್ಲಿ ಹುಡುಕಿ. ತಿನ್ನುವ ಎಣ್ಣೆ ಬರುವುದು ಆ ವರ್ಗದಲ್ಲಿ, ತಲೆಗೆ ಹಚ್ಚುವ ಎಣ್ಣೆಗೆ 3ನೇ ವರ್ಗ. ಅವರು ಎರಡಕ್ಕೂ ಮಾರುತ್ತಾರೆಯೇ ಎಂದು ಮೊದಲು ಕೇಳಿಕೊಳ್ಳಿ.

ಕ್ಯಾನ್ವಾದ ಸಿದ್ಧ ಚಿತ್ರ ಸೇರಿಸಿದ್ದರೆ ಅದನ್ನು ತೆಗೆದುಬಿಡಿ. ಅಲ್ಲಿಯ ಸ್ಟಾಕ್ ಚಿತ್ರಗಳನ್ನು ಟ್ರೇಡ್‌ಮಾರ್ಕ್ ಮಾಡಲು ಅವರ ಷರತ್ತು ಬಿಡುವುದಿಲ್ಲ. ಮಿಡ್‌ಜರ್ನಿಯಲ್ಲಿ ಮಾಡಿದ್ದರೆ ನಿಮ್ಮ ಕರಡುಗಳು ಎಲ್ಲರಿಗೂ ಕಾಣುವ ಗ್ಯಾಲರಿಯಲ್ಲಿರುತ್ತವೆ. ಅವನ್ನು ಬೇರೆಯವರಿಗೆ ಕಾಣದಂತೆ ಇಡುವ Stealth ಆಯ್ಕೆ ಇರುವುದು ಅದರ ದೊಡ್ಡ ದರದ ಪ್ಲಾನುಗಳಲ್ಲಿ ಮಾತ್ರ.

ಎರಡನೆಯದು, ಬ್ರೋಷರಿನಲ್ಲಿ ಕಾಣುವುದು. ಹೇಳದೆ ಇದ್ದರೂ ಎಐ ಹೊರಬೀಳುವುದು ಸಾಮಾನ್ಯವಾಗಿ ಇಲ್ಲೇ. ಬರಹ ಎಐನದೇ ಎಂದು ಪತ್ತೆ ಹಚ್ಚುತ್ತೇವೆ ಎನ್ನುವ ಸಾಧನಗಳಿಗೆ ನೀವು ಹೆದರುವುದು ಬೇಡ, ನಿಖರತೆ ಸಾಲದು ಎಂದು ಓಪನ್‌ಎಐ ತನ್ನದೇ ಪತ್ತೆ ಸಾಧನವನ್ನು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ತಿಪಟೂರಿನ ಮಿಲ್ಲಿನ ಯಜಮಾನರಿಗೆ ಅಂಥ ಸಾಧನದ ಅಗತ್ಯವೂ ಇಲ್ಲ. ಯಂತ್ರ ಬಿಡಿಸುವ "ಕೊಬ್ಬರಿ ಒಣಗಿಸುವ ರೈತ"ನ ಚಿತ್ರದಲ್ಲಿ ಸಾಮಾನ್ಯವಾಗಿ ಹೋಳು ಮಾಡಿದ ಕಾಯಿ ಚಾಪೆಯ ಮೇಲೆ ಬಿಸಿಲಿಗೆ ಬಿದ್ದಿರುತ್ತದೆ, ಹಿಂದೆ ಹಿನ್ನೀರು, ಬಾಗಿದ ತೆಂಗು. ಅದು ಕೇರಳದ ಕರಾವಳಿ. ಅಟ್ಟದ ಕೊಬ್ಬರಿ ನೋಡಿ ಬೆಳೆದವರು ಒಂದೇ ನೋಟಕ್ಕೆ "ಇದು ನಮ್ಮೂರಲ್ಲ" ಎನ್ನುತ್ತಾರೆ. ಲೇಬಲ್ಲನ್ನು ಚಿತ್ರದೊಳಗೇ ಬರೆಸಿದ್ದರೆ ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ. "ಕೊಬ್ಬರಿ"ಯ ಬ ಒತ್ತು, "ಎಣ್ಣೆ"ಯ ಣ ಒತ್ತು ಮುರಿದು ಬೇರೆ ಏನೋ ಆಗಿರುವುದು ಮಾಮೂಲು. ಬಾರ್‌ಕೋಡ್ ಇದ್ದರೆ ಅದು ಬರೀ ಗೆರೆ, ಸ್ಕ್ಯಾನ್ ಆಗುವುದಿಲ್ಲ. ಎಫ್‌ಎಸ್‌ಎಸ್‌ಎಐ ಪರವಾನಗಿಯ 14 ಅಂಕಿಯೂ ಯಂತ್ರ ಊಹಿಸಿದ್ದೇ ಆಗಿರಬಹುದು, ಮೂಲ ಪತ್ರದ ಜೊತೆ ಇಟ್ಟು ಓದಿ. ಪ್ರೆಸ್ಸಿನವರು ಹಳೆಯ ನುಡಿ ಫಾಂಟಿನಲ್ಲಿ ಪುಟ ಕಟ್ಟುವವರಾದರೆ ನಿಮ್ಮ ಯೂನಿಕೋಡ್ ಬರಹ ಪರಿವರ್ತನೆಯಾಗುವಾಗ ಅರ್ಕಾವತ್ತು ಜಾರುತ್ತದೆ. ಪರಿವರ್ತನೆಯಾದ ಮೇಲೆ ಇನ್ನೊಮ್ಮೆ ಓದಬೇಕು.

ನಿಜವಾದ ಅಪಾಯ ಇರುವುದು ಮಾತಿನಲ್ಲಿ. ಎಣ್ಣೆಯ ಬಗ್ಗೆ ನಾಲ್ಕು ಸಾಲು ಬರೆಸಿದರೆ ಯಂತ್ರ ಹಿಂಜರಿಯದೆ "ಮರದ ಗಾಣದ, ವರ್ಜಿನ್, ಹೃದಯಕ್ಕೆ ಹಿತ, ಸಕ್ಕರೆ ಕಾಯಿಲೆ ಹತೋಟಿಗೆ" ಎಂದು ಪೋಣಿಸುತ್ತದೆ. ವರ್ಜಿನ್ ಎಣ್ಣೆ ಹಸಿ ಕಾಯಿಯಿಂದ ತೆಗೆಯುವುದು. ಒಣ ಕೊಬ್ಬರಿ ಅರೆದ ಎಣ್ಣೆಗೆ ಆ ಹೆಸರು ಸಲ್ಲದು. ಮಿಲ್ಲಿನಲ್ಲಿ ಎಕ್ಸ್‌ಪೆಲ್ಲರ್ ಓಡುತ್ತಿದ್ದರೆ "ಮರದ ಗಾಣ" ಸುಳ್ಳು. ಸಕ್ಕರೆ ಕಾಯಿಲೆಯ ಮಾತಂತೂ 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಪಟ್ಟಿಗೇ ಕೈ ಹಾಕಿದಂತೆ. 2006ರ ಆಹಾರ ಸುರಕ್ಷತಾ ಕಾಯ್ದೆಯ 53ನೇ ಕಲಮು ದಾರಿ ತಪ್ಪಿಸುವ ಆಹಾರ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡ ಇಟ್ಟಿದೆ. ನೋಟಿಸು ಮೊದಲು ಹುಡುಕಿಕೊಂಡು ಹೋಗುವುದು ಮಿಲ್ಲಿನವರನ್ನು, ಅಲ್ಲಿಂದ ಅವರು ನಿಮ್ಮ ಅಂಗಡಿಗೆ ಬರುತ್ತಾರೆ. ಆದ್ದರಿಂದ ಎಣ್ಣೆಯ ಬಗ್ಗೆ ಏನನ್ನಾದರೂ ಹೇಳಿಕೊಳ್ಳುವ ಪ್ರತಿ ವಾಕ್ಯಕ್ಕೂ ಕೆಂಪು ಗೆರೆ ಹಾಕಿ, ಯಜಮಾನರನ್ನೇ ಕೂರಿಸಿಕೊಂಡು "ಇದು ನಿಜವಾ ಸಾರ್, ಇದಕ್ಕೆ ಕಾಗದ ಇದೆಯಾ?" ಎಂದು ಒಂದೊಂದಾಗಿ ಕೇಳಿ. ಈ ಅರ್ಧ ದಿನ ಕೂರುವುದಕ್ಕೆ ಎಐ ಬಳಸಿದ್ದನ್ನು ಹೇಳಲೇಬೇಕಾಗುತ್ತದೆ. ಹೇಳದಿದ್ದರೆ ಅವರು ನೀವು ವಿಚಾರಿಸಿಯೇ ಬರೆದಿದ್ದೀರಿ ಎಂದುಕೊಂಡು ಓದದೆ ಸಹಿ ಹಾಕುತ್ತಾರೆ.

2025ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾದಲ್ಲಿ ಡೆಲಾಯ್ಟ್ ಸಂಸ್ಥೆ ಅಲ್ಲಿಯ ಸರ್ಕಾರಕ್ಕೆ ಬರೆದುಕೊಟ್ಟ ವರದಿಯ ಶುಲ್ಕದ ಒಂದು ಭಾಗ ಹಿಂದಿರುಗಿಸಲು ಒಪ್ಪಬೇಕಾಯಿತು. ವರದಿಯಲ್ಲಿ ಇಲ್ಲದ ಗ್ರಂಥಗಳ ಉಲ್ಲೇಖ, ನ್ಯಾಯಾಲಯದ ತೀರ್ಪಿನದೆಂದು ಕೊಟ್ಟ ಹುಸಿ ಸಾಲು ಇದ್ದವು. ಎಐ ಬಳಸಿದ್ದೇವೆ ಎಂಬ ಸಾಲು ಕಾಣಿಸಿಕೊಂಡಿದ್ದು ತಿದ್ದಿದ ಪ್ರತಿಯಲ್ಲಿ. ತಪ್ಪು ಬಯಲಾದ ಮೇಲೆ ಹೇಳಿದ ಮಾತನ್ನು ಯಾರೂ ಪ್ರಾಮಾಣಿಕತೆ ಎಂದು ಓದುವುದಿಲ್ಲ.

ಇನ್ನು ರೈತನ ಚಿತ್ರ, ಮಿಲ್ಲಿನ ಚಿತ್ರ. ಬಾಟಲಿಯ ಹಿಂದೆ ಹಸಿರು ಹಿನ್ನೆಲೆ ಯಂತ್ರದ್ದಾದರೆ ಯಾರಿಗೂ ಮೋಸವಿಲ್ಲ. "ನಮ್ಮ ಮಿಲ್ಲು", "ನಮ್ಮ ರೈತರು" ಎಂಬ ಶೀರ್ಷಿಕೆಯ ಕೆಳಗೆ ಇಲ್ಲದ ಮಿಲ್ಲು, ಹುಟ್ಟದ ರೈತ ಕಾಣಬಾರದು. ಇದಕ್ಕೆ ಹೇಳಿಕೆ ಸಾಲದು, ಚಿತ್ರವನ್ನೇ ಬದಲಿಸಿ. ಫೋನಿನಲ್ಲಿ ತೆಗೆದರೂ ಸರಿ, ಅವರ ಅಟ್ಟದ, ಅವರ ಎಕ್ಸ್‌ಪೆಲ್ಲರಿನ ಐದಾರು ಫೋಟೋ ತರಿಸಿಕೊಳ್ಳಿ. ಫೈರ್‌ಫ್ಲೈ, ಚಾಟ್‌ಜಿಪಿಟಿ ಮುಂತಾದವು ಚಿತ್ರದ ಫೈಲಿನೊಳಗೇ ಮೂಲದ ಗುರುತು ಸೇರಿಸುತ್ತವೆ. ಅಂಥ ಚಿತ್ರವನ್ನು ಇನ್‌ಸ್ಟಾಗ್ರಾಮಿಗೆ ಏರಿಸಿದಾಗ AI info ಎಂಬ ಪಟ್ಟಿ ತಾನಾಗಿ ಬೀಳಬಹುದು. ಆ ಪಟ್ಟಿಯನ್ನು ಯಜಮಾನರು ತಮ್ಮ ಗಿರಾಕಿಗಳ ಜೊತೆಯಲ್ಲೇ ಮೊದಲ ಸಲ ನೋಡುವಂತಾಗಬಾರದು.

ಮೂರನೆಯದು ಚಿಕ್ಕದು, ಆದರೆ ಮರೆಯುವಂಥದ್ದಲ್ಲ. ಬರಹ ಮಾಡಿಸಲು ಅವರ ಸಗಟು ದರದ ಪಟ್ಟಿ, ಡೀಲರುಗಳ ಹೆಸರು, ಫೋನ್ ನಂಬರು ಹಾಗೇ ಅಂಟಿಸಿದ್ದೀರಾ ಎಂದು ಚಾಟಿನ ಇತಿಹಾಸ ತೆರೆದು ನೋಡಿ. ಅಂಟಿಸಿದ್ದರೆ ಅದನ್ನು ಅಳಿಸಿ, ಚಾಟ್‌ಜಿಪಿಟಿಯಾದರೆ Settings ಒಳಗಿನ Data Controls ನಲ್ಲಿ Improve the model for everyone ಎಂಬುದನ್ನು ಆಫ್ ಮಾಡಿ. ಅದನ್ನು ಆಫ್ ಮಾಡುವುದಕ್ಕೆ ಮೊದಲು ಹೋದದ್ದನ್ನು ವಾಪಸು ಕರೆಯಲಾಗದು, ಹಾಗಾಗಿ ಏನು ಹೋಗಿದೆ ಎಂದು ಅವರಿಗೆ ಹೇಳಿ. ಡೀಲರುಗಳ ನಂಬರು ಅವರ ಸ್ವತ್ತೂ ಅಲ್ಲ, ಆ ಡೀಲರುಗಳದು. ಏನೂ ಅಂಟಿಸದಿದ್ದರೆ ಈ ವಿಷಯ ಎತ್ತುವುದೇ ಬೇಡ.

ದುಡ್ಡಿನ ಮಾತಿಗೆ ಬರೋಣ. ನೀವು ಒಪ್ಪಿಕೊಂಡಿದ್ದು ಕೆಲಸಕ್ಕೆ, ಗಂಟೆಗಲ್ಲ. ಗಂಟೆ ಲೆಕ್ಕದ ಬಿಲ್ಲಾಗಿದ್ದರೆ ಯಂತ್ರ ಉಳಿಸಿದ ಗಂಟೆಯನ್ನು ಬರೆಯುವಂತಿಲ್ಲ, ಅದು ಸುಳ್ಳು ಲೆಕ್ಕ. ಒಟ್ಟು ದರದ ಕೆಲಸದಲ್ಲಿ ಬೇಗ ಮುಗಿದದ್ದು ನಿಮ್ಮ ಲಾಭ, ತಡವಾಗಿದ್ದರೆ ನಷ್ಟವೂ ನಿಮ್ಮದೇ ಆಗುತ್ತಿತ್ತು. ಆದರೂ "ಮಿಷಿನ್ನೇ ಮಾಡಿದ್ದಕ್ಕೆ 28,000ವಾ?" ಎಂದು ಕೇಳಬಹುದು. ಆಗ ವಾದಕ್ಕಿಂತ ವಿಂಗಡಣೆ ಕೆಲಸ ಮಾಡುತ್ತದೆ. ಲೋಗೋಗೆ 9,000, ಅದರಲ್ಲಿ ಕೈಯಲ್ಲಿ ಬರೆದದ್ದು, ಹೋಲಿಕೆ ಹುಡುಕಿದ್ದು, ಹಕ್ಕು ಬರೆದುಕೊಟ್ಟದ್ದು ಸೇರಿದೆ. ಲೇಬಲ್ಲಿಗೆ 5,000, ಬ್ರೋಷರಿಗೆ 9,000, ಎರಡು ಭಾಷೆಯ ಬರಹಕ್ಕೆ 5,000. ಹೀಗೆ ಮುಂದಿಟ್ಟರೆ ಮಾತು ಒಂದೊಂದು ಬಾಬಿನ ಮೇಲೆ ನಿಲ್ಲುತ್ತದೆ. ಇಂಗ್ಲಿಷ್ ಬರಹದಲ್ಲಿ ನಿಮ್ಮ ಕೈ ನಿಜವಾಗಿಯೂ ಕಡಿಮೆ ಇದ್ದರೆ ಅಲ್ಲಿ ಸಾವಿರ ಇಳಿಸುವುದು ನ್ಯಾಯವೇ. ಇಡೀ ಬಿಲ್ಲಿನಲ್ಲಿ ಅರ್ಧ ಬಿಡುವುದು ಮಾತ್ರ ಬೇಡ, ಮುಂದಿನ ವರ್ಷದ ಕ್ಯಾಲೆಂಡರಿಗೂ ಅದೇ ದರ ಕಟ್ಟಿಕೊಂಡಂತಾಗುತ್ತದೆ.

ಹತ್ತನೇ ದಿನದವರೆಗೆ ಮುಗಿದ ಫೈಲನ್ನು ಸುಮ್ಮನೆ ಇಟ್ಟುಕೊಳ್ಳುವುದರಲ್ಲಿ ಅಪರಾಧವೇನಿಲ್ಲ, ಆದರೆ ನಷ್ಟವಿದೆ. ತಿದ್ದುಪಡಿ ಶುರುವಾಗುವುದು ಗಿರಾಕಿ ನೋಡಿದ ಮೇಲೆ. ಕೊನೆಯ ದಿನ ತೋರಿಸಿದರೆ ಪರವಾನಗಿ ಸಂಖ್ಯೆಯ ತಪ್ಪು ಪ್ರೆಸ್ಸಿನಲ್ಲಿ ಸಿಗುತ್ತದೆ. ಮೇಲೆ ಹೇಳಿದ ಲೋಗೋ ಕೆಲಸಕ್ಕೆ ಮೂರು ದಿನ, ವಾಕ್ಯ ವಾಕ್ಯ ಕೂರುವುದಕ್ಕೆ ಅರ್ಧ ದಿನ, ಫೋಟೋಗೆ ಒಂದು ದಿನ ಹಿಡಿದರೂ ಎಂಟನೇ ದಿನಕ್ಕೆ ಗಟ್ಟಿ ಪ್ರತಿ ಕೈಗಿಡಬಹುದು.

ಈಗ ಹೇಗೆ ಹೇಳುವುದು. ನಿಮ್ಮ ಮುಂದೆ ಮೂರು ದಾರಿ ಇವೆ. ಏನೂ ಹೇಳದೆ ಲೋಗೋ ಮಾತ್ರ ಹೊಸದಾಗಿ ಬರೆದು ಕೊಡುವುದು ಒಂದು. ಆಗ "ನೀವೇ ಬರೆದಿದ್ದಾ" ಎಂಬುದಕ್ಕೆ ಉತ್ತರ ನಿಜವಾಗುತ್ತದೆ, ಆದರೆ ಒಪ್ಪಿದ ಲೋಗೋ ಯಾಕೆ ಬದಲಾಯಿತು ಎಂದು ಕೇಳಿದರೆ ಇನ್ನೊಂದು ಸುಳ್ಳು ಬೇಕಾಗುತ್ತದೆ. ಯಾವ ಸಾಲು ಯಾವ ಸಾಧನದಿಂದ ಬಂತು ಎಂದು ಉದ್ದನೆಯ ಪಟ್ಟಿ ಕೊಡುವುದು ಎರಡನೆಯದು. ಅದನ್ನು ಓದಿದವರಿಗೆ ನೀವು ಮಾಡಿದ ಕೆಲಸ ಕಾಣುವುದಿಲ್ಲ, ಯಂತ್ರದ್ದು ಮಾತ್ರ ಕಾಣುತ್ತದೆ. ನಾನು ಮೂರನೆಯದನ್ನು ಹೇಳುತ್ತೇನೆ: ಎದುರಿಗೆ ಅಥವಾ ಫೋನಿನಲ್ಲಿ ನಾಲ್ಕು ಮಾತು, ಆಮೇಲೆ ಅದನ್ನೇ ವಾಟ್ಸ್ಆಪಿನಲ್ಲಿ ಬರಹವಾಗಿ. ಬರೀ ವಾಟ್ಸ್ಆಪ್ ಕಳಿಸಿದರೆ ಯಜಮಾನರ ಮನೆಯಲ್ಲಿ ಮಗ ಓದಿ ಹೇಳಿದ ಅರ್ಥವೇ ತಂದೆಯ ಅರ್ಥವಾಗುತ್ತದೆ. ಹೀಗೆ ಬರೆಯಬಹುದು:

"ಸಾರ್, ಅವತ್ತು ಲೋಗೋ ನೀವೇ ಬರೆದಿದ್ದಾ ಎಂದು ಕೇಳಿದ್ದಿರಿ. ಹೌದು ಅಂದಿದ್ದೆ, ಅದು ಸರಿಯಾದ ಉತ್ತರ ಅಲ್ಲ, ತಪ್ಪಾಯಿತು. ಆ ಕರಡನ್ನು ಎಐನಲ್ಲಿ ಮಾಡಿದ್ದೆ. ಹಾಗೇ ಬಳಸಿದರೆ ಮುಂದೆ ಟ್ರೇಡ್‌ಮಾರ್ಕಿಗೆ ತೊಡಕಾಗಬಹುದು, ಅದಕ್ಕೆ ಉಂಡೆ ಕೊಬ್ಬರಿಯ ಆಕಾರದಲ್ಲಿ ಹೊಸದಾಗಿ ನಾನೇ ಬರೆಯುತ್ತಿದ್ದೇನೆ, ಸೋಮವಾರ ತೋರಿಸುತ್ತೇನೆ. ಬ್ರೋಷರಿನ ಬರಹದ ಕರಡಿಗೂ ಎಐ ಬಳಸಿದ್ದೇನೆ. ಎಣ್ಣೆಯ ಬಗ್ಗೆ ಇರುವ ಒಂದೊಂದು ಮಾತನ್ನೂ ನಿಮ್ಮ ಜೊತೆ ಕೂತು ಖಚಿತ ಮಾಡಿಕೊಂಡೇ ಪ್ರೆಸ್ಸಿಗೆ ಕೊಡೋಣ. ದರ, ತಾರೀಖು ಒಪ್ಪಿದ ಹಾಗೇ ಇರುತ್ತದೆ."

"ಸ್ವಲ್ಪ ಎಐ ಸಹಾಯ ತೆಗೆದುಕೊಂಡೆ" ಎಂಬ ಮಾತು ಬೇಡ. ಆ "ಸ್ವಲ್ಪ" ಎಷ್ಟು ಎಂಬುದೇ ಮುಂದಿನ ಪ್ರಶ್ನೆಯಾಗುತ್ತದೆ. ಯಾವ ಭಾಗಕ್ಕೆ, ಈಗ ಏನು ಮಾಡುತ್ತಿದ್ದೀರಿ ಎಂದರೆ ಪ್ರಶ್ನೆ ಅಲ್ಲಿಗೆ ನಿಲ್ಲುತ್ತದೆ. ಅವರು "ನನಗೆ ಎಐ ಬೇಡವೇ ಬೇಡ" ಎಂದರೆ ಬರಹವನ್ನು ಮೊದಲಿನಿಂದ ಬರೆಯಲು ಎಷ್ಟು ದಿನ ಬೇಕು ಎಂದು ಅಲ್ಲೇ ಹೇಳಿ, ಒಪ್ಪಿದ ದರದಲ್ಲೇ ಮಾಡಿಕೊಡಿ. ಆ ಹೆಚ್ಚಿನ ದಿನಗಳು ನಿಮ್ಮ ಲೆಕ್ಕಕ್ಕೆ.

ಮುಂದಿನ ಗಿರಾಕಿಗಳಿಗೆ ಈ ಫಜೀತಿ ಬೇಡವೆಂದರೆ ಎಸ್ಟಿಮೇಟಿನ ಕೆಳಗೆ, ಜಿಎಸ್‌ಟಿ ಸಾಲಿನ ಪಕ್ಕದಲ್ಲೇ ಹೀಗೆ ಅಚ್ಚು ಮಾಡಿಸಿಬಿಡಿ: "ಕರಡು ಮತ್ತು ಮಾದರಿ ಹಂತದಲ್ಲಿ ಎಐ ಸಾಧನ ಬಳಸಬಹುದು. ಲೋಗೋದ ಅಂತಿಮ ರೂಪ ಕೈಯಿಂದ ರಚಿಸಿದ್ದು. ನೀವು ಕೊಟ್ಟ ದರಪಟ್ಟಿ, ಗಿರಾಕಿ ವಿವರ ಎಐಗೆ ಹಾಕುವುದಿಲ್ಲ. ಬೇಡವೆಂದರೆ ಮೊದಲೇ ತಿಳಿಸಿ, ದಿನ ಮತ್ತು ದರ ಬದಲಾಗುತ್ತದೆ." ಹೀಗೆ ಬರೆದ ಮೇಲೆ ಎರಡನೇ, ಮೂರನೇ ಸಾಲನ್ನು ಪ್ರತಿ ಕೆಲಸದಲ್ಲೂ ನಡೆಸಲೇಬೇಕು. ಮದುವೆ ಆಹ್ವಾನ ಪತ್ರಿಕೆ, ಊರಹಬ್ಬದ ಬ್ಯಾನರಿನಂಥ ಕೆಲಸಕ್ಕೆ ಇಷ್ಟೂ ಬೇಕಿಲ್ಲ, ಅಲ್ಲಿ ಹೆಸರು, ತಾರೀಖು, ಮುಹೂರ್ತ ತಪ್ಪದಿದ್ದರೆ ಸಾಕು.